ಕಾರವಾರದ ಸೀರೆ-ಬಂಗಾರದ ಅಂಗಡಿ ರೆಂಡರ್: ನೆಲದ ಮೇಲೆ ಬಿಳಿ ಬಿಲ್ಲೆಗಳು ಹೋಗುತ್ತಲೇ ಇಲ್ಲ

ಅಪ್ಪೆಮಿಡಿ
ನಮಸ್ಕಾರ ಎಲ್ಲರಿಗೂ. ನಾನು ಶಿರಸಿಯಲ್ಲಿ ಮನೆಯಿಂದಲೇ ಇಂಟೀರಿಯರ್ ಡ್ರಾಯಿಂಗ್ ಮತ್ತು ತ್ರೀಡಿ ಮಾಡಿಕೊಡುತ್ತೇನೆ. ಈಗ ಕಾರವಾರದ ಒಂದು ಸಣ್ಣ ಅಂಗಡಿಯ ಕೆಲಸ ಬಂದಿದೆ. 12 ಅಡಿ ಅಗಲ, 20 ಅಡಿ ಉದ್ದ. ಎಡಗಡೆ ಬಂಗಾರದ ಗಾಜಿನ ಕೌಂಟರ್, ಬಲಗಡೆ ಸೀರೆ ರ‍್ಯಾಕ್ ಮತ್ತು ಕೂತು ನೋಡಲು ಬಿಳಿ ಗಾದಿ. ಫಾಲ್ಸ್ ಸೀಲಿಂಗ್ 10 ಅಡಿಗೆ. ನಾಲ್ಕು ಸಾಲು, ಸಾಲಿಗೆ ಮೂರು, ಒಟ್ಟು 12 ಡೌನ್‌ಲೈಟ್. ನೆಲಕ್ಕೆ ಎರಡು ಅಡಿ-ನಾಲ್ಕು ಅಡಿಯ ಪಾಲಿಶ್ ವಿಟ್ರಿಫೈಡ್ ಟೈಲ್ಸ್.

ಬ್ಲೆಂಡರ್ ಸೈಕಲ್ಸ್‌ನಲ್ಲಿ ರೆಂಡರ್ ಮಾಡಿದೆ. ಪಾರ್ಟಿಯವರು ಫೋನಿನಲ್ಲಿ ನೋಡಿ ಹೇಳಿದ್ದು ಒಂದೇ ಮಾತು: "ನೆಲದ ಮೇಲೆ ಯಾರೋ ನೀರು ಚೆಲ್ಲಿ ಟ್ಯೂಬ್‌ಲೈಟ್ ಹಚ್ಚಿದ ಹಾಗೆ ಕಾಣುತ್ತದೆ. ಸೀರೆ ಕಡೆ ಕಣ್ಣೇ ಹೋಗೋದಿಲ್ಲ." ಅವರು ಹೇಳಿದ್ದು ಸರಿ. ಚಿತ್ರದ ಕೆಳಗಡೆ ಮೂರು ದೊಡ್ಡ ಬಿಳಿ ಬಿಲ್ಲೆ ಇವೆ. ಎಡಗಡೆ ಕೌಂಟರ್ ಬುಡದಲ್ಲಿ ಒಂದು ಉದ್ದ ಬಿಳಿ ಗೆರೆ ಇದೆ. ಬಿಲ್ಲೆ ಇರುವ ಜಾಗದ ನೇರ ಮೇಲಿನ ಲೈಟು, ಅಂದರೆ ಬಾಗಿಲ ಹತ್ತಿರದ ಸಾಲನ್ನು ಪೂರ್ತಿ ಆಫ್ ಮಾಡಿ ನೋಡಿದೆ. ಬಿಲ್ಲೆ ಹಾಗೇ ಇದೆ! ಇನ್ನೊಂದು ವಿಷಯ, ಗಾಜಿನ ಕೌಂಟರ್ ಒಳಗಿನ ಒಡವೆಗಳು ಕಪ್ಪಗೆ ಕಾಣುತ್ತಿವೆ.

ಪಾಲಿಶ್ ಟೈಲ್ಸ್ ಅಂತ ಗೊತ್ತಾಗಬೇಕು, ಪ್ರತಿಬಿಂಬ ಬೇಕು, ಆದರೆ ಕಣ್ಣು ಕುಕ್ಕಬಾರದು. ಏನು ಮಾಡಲಿ? ಸೋಮವಾರ ಕೊಡಬೇಕು.

ಸೋಂದೆ ಹುಡುಗ
ಸಿಂಪಲ್ ಅಕ್ಕ. ಟೈಲ್ಸ್‌ನ `Roughness` ಜಾಸ್ತಿ ಮಾಡಿ. 0.05 ಇಟ್ಟಿರುತ್ತೀರಿ. 0.5 ಮಾಡಿ, ಬಿಲ್ಲೆ ಮಾಯ.

ಅಘನಾಶಿನಿ ದಡ
ನನ್ನದು ಕುಮಟಾದಲ್ಲಿ ಬಟ್ಟೆ ಅಂಗಡಿ, 15 ವರ್ಷ ಆಯಿತು. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಡುವೆ ಒಂದು ಜಮಖಾನ ಹಾಸಿ ಸಾಕು. ಮಳೆಗಾಲದಲ್ಲಿ ಜನ ಒದ್ದೆ ಕಾಲಲ್ಲಿ ಬರುತ್ತಾರೆ, ಪಾಲಿಶ್ ಟೈಲ್ಸ್ ಮೇಲೆ ನನ್ನ ಅಂಗಡಿಯಲ್ಲೇ ಇಬ್ಬರು ಜಾರಿ ಬಿದ್ದಿದ್ದಾರೆ. ಜಮಖಾನ ಹಾಕಿದ ಮೇಲೆ ಲೈಟು ಹೊಡೆಯುವುದೂ ಹೋಯಿತು.

ಅಪ್ಪೆಮಿಡಿ
ಅಣ್ಣ, ಅಂಗಡಿ ಇನ್ನೂ ಕಟ್ಟಿಲ್ಲ. ಇದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಆದರೆ ನೀವು ಜಾರುವುದರ ಬಗ್ಗೆ ಹೇಳಿದ್ದನ್ನು ಪಾರ್ಟಿಗೆ ಖಂಡಿತ ಹೇಳುತ್ತೇನೆ.

@ಸೋಂದೆ ಹುಡುಗ, 0.5 ಮಾಡಿದೆ. ಬಿಲ್ಲೆ ಹೋಯಿತು, ಜೊತೆಗೆ ಟೈಲ್ಸೂ ಹೋಯಿತು. ಸಿಮೆಂಟ್ ನೆಲದ ಮೇಲೆ ಮಂಜು ಕೂತ ಹಾಗೆ ಆಗಿದೆ. ಬಿಲ್ಲೆ ಇದ್ದ ಕಡೆ ಈಗ ದೊಡ್ಡ ಬೆಳ್ಳಗಿನ ಮಬ್ಬು ಇದೆ.

ಸೋಂದೆ ಹುಡುಗ
ಹಾಗಾದರೆ 0.3?

ಕಾಳಿ ದಂಡೆ
ತಂಗಿ, `Roughness` ಮುಟ್ಟುವ ಮೊದಲು ಆ ಬಿಲ್ಲೆ ಯಾವ ಲೈಟಿನದು ಅಂತ ಕಂಡುಕೊಳ್ಳಿ. ನೀವು ಬಾಗಿಲ ಹತ್ತಿರದ ಸಾಲು ಆಫ್ ಮಾಡಿದಾಗ ಏನೂ ಬದಲಾಗಲಿಲ್ಲ ಅಂದಿರಿ. ಉತ್ತರ ಅಲ್ಲೇ ಇದೆ. ನೆಲದಲ್ಲಿ ಕಾಣುವ ಬಿಲ್ಲೆ ಅದರ ನೇರ ಮೇಲಿರುವ ಲೈಟಿನದಲ್ಲ.

ಹೀಗೆ ನೋಡಿ. ನೆಲವನ್ನು ಕನ್ನಡಿ ಅಂದುಕೊಳ್ಳಿ. 10 ಅಡಿ ಮೇಲಿರುವ ಲೈಟು ಕನ್ನಡಿಯಲ್ಲಿ 10 ಅಡಿ ಕೆಳಗೆ ಇದ್ದ ಹಾಗೆ ಕಾಣುತ್ತದೆ. ನಿಮ್ಮ ಕ್ಯಾಮೆರಾ ಎಷ್ಟು ಎತ್ತರಕ್ಕಿದೆ? 5 ಅಡಿ ಇರಬೇಕು. ಕ್ಯಾಮೆರಾದಿಂದ ಆ ಕೆಳಗಿನ ಲೈಟಿಗೆ ಒಂದು ಗೆರೆ ಎಳೆದರೆ ಅದು ಒಟ್ಟು 15 ಅಡಿ ಇಳಿಯಬೇಕು. ಅದರಲ್ಲಿ ಮೊದಲ 5 ಅಡಿ ಇಳಿದಾಗಲೇ ನೆಲ ಸಿಕ್ಕಿಬಿಡುತ್ತದೆ. ಅಂದರೆ ಲೈಟು ಎಷ್ಟು ದೂರ ಇದೆಯೋ ಅದರ ಮೂರನೇ ಒಂದು ಭಾಗದಲ್ಲಿ ಬಿಲ್ಲೆ ಕಾಣುತ್ತದೆ. ಕೊನೇ ಸಾಲು 20 ಅಡಿ ದೂರ ಇದ್ದರೆ ಬಿಲ್ಲೆ ನಿಮ್ಮಿಂದ 6 ಅಡಿ 8 ಇಂಚಿಗೆ. ಅದು ಬಾಗಿಲ ಹತ್ತಿರವೇ ಆಯಿತು, ಅಲ್ವಾ? ನೀವು ಹುಡುಕಬೇಕಾದದ್ದು ಹಿಂದಿನ ಗೋಡೆಯ ಪಕ್ಕದ ಸಾಲನ್ನು.

ಲೆಕ್ಕ ಬೇಡ ಅಂದರೆ ಇನ್ನೊಂದು ದಾರಿ. ಟೈಲ್ಸ್ ಮಟೀರಿಯಲ್‌ನ ಕಾಪಿ ಮಾಡಿ, `Metallic` 1, `Roughness` 0 ಇಟ್ಟು ಒಂದು ಸಣ್ಣ ರೆಂಡರ್ ಹಾಕಿ. ನೆಲ ಪೂರ್ತಿ ಕನ್ನಡಿ ಆಗುತ್ತದೆ. ಅದರಲ್ಲಿ ಯಾವ ವಸ್ತು ಎಲ್ಲಿ ಕಾಣುತ್ತದೆ ಅಂತ ಸ್ಪಷ್ಟ ಗೊತ್ತಾಗುತ್ತದೆ. ಮಾಡಿ ಹೇಳಿ. ಲೆನ್ಸ್ ಎಷ್ಟು, ಕ್ಯಾಮೆರಾ ಕೆಳಗೆ ಬಾಗಿಸಿದ್ದೀರಾ, ಲೈಟು ಹೇಗೆ ಮಾಡಿದ್ದೀರಿ ಅನ್ನುವುದನ್ನೂ ಬರೆಯಿರಿ.

ದೇವಿಮನೆ ಘಾಟ್
ಇಷ್ಟೆಲ್ಲಾ ಯಾಕೆ? ಲೈಟು ಕಾಣುವುದು ಬೇಡ ಅಂದರೆ ಕಾಣದ ಹಾಗೆ ಮಾಡಿ. ಆಬ್ಜೆಕ್ಟ್ ಪ್ರಾಪರ್ಟೀಸ್‌ನ `Ray Visibility` ಒಳಗೆ `Glossy` ಟಿಕ್ ತೆಗೆದರೆ ಆ ಲೈಟು ಯಾವ ಹೊಳಪಿನಲ್ಲೂ ಕಾಣುವುದಿಲ್ಲ. ಒಂದೊಂದೇ ತೆಗೆಯುವುದು ಬೇಡ, ಇದನ್ನು ಓಡಿಸಿ:

```python
import bpy
for o in bpy.data.objects:
    if o.type == 'LIGHT':
        o.visible_glossy = False
```

ನಾನು ಎಲ್ಲಾ ಅಂಗಡಿ ರೆಂಡರ್‌ಗೂ ಇದನ್ನೇ ಮಾಡುವುದು.

ಅಪ್ಪೆಮಿಡಿ
ಎರಡನ್ನೂ ಮಾಡಿದೆ.

@ದೇವಿಮನೆ ಘಾಟ್, ಸ್ಕ್ರಿಪ್ಟ್ ಓಡಿತು, ಎರರ್ ಇಲ್ಲ, ಆದರೆ ಬಿಲ್ಲೆಯೂ ಗೆರೆಯೂ ಹಾಗೇ ಇವೆ.

@ಕಾಳಿ ದಂಡೆ ಅಣ್ಣ, ಕನ್ನಡಿ ಮಾಡಿ ನೋಡಿದೆ. ನೀವು ಹೇಳಿದ್ದು ನಿಜ, ಮೂರೂ ಬಿಲ್ಲೆ ಕೊನೇ ಸಾಲಿನವು. ಗೆರೆ ಬೇರೆಯೇ ಇದೆ, ಅದು ಕೌಂಟರ್ ಕೆಳಗೆ ಹಾಕಿದ ಎಲ್‌ಇಡಿ ಪಟ್ಟಿ. ನಾನು ಅದರ ಮೇಲೆ ಅನುಮಾನವೇ ಪಟ್ಟಿರಲಿಲ್ಲ.

ಕ್ಯಾಮೆರಾ 5 ಅಡಿ, ಲೆನ್ಸ್ 18 ಎಂಎಂ, ನೆಲ ಕಾಣಲಿ ಅಂತ 10 ಡಿಗ್ರಿ ಕೆಳಗೆ ಬಾಗಿಸಿದ್ದೇನೆ. ಲೈಟು ಅಂದರೆ ಸೀಲಿಂಗ್‌ಗೆ ಸಮ ಮಾಡಿ ಎರಡೂವರೆ ಇಂಚಿನ ಒಂದು ಗುಂಡು ತಟ್ಟೆ ಇಟ್ಟು ಅದಕ್ಕೆ ಎಮಿಶನ್ ಕೊಟ್ಟಿದ್ದೇನೆ. ಅಂಗಡಿ ಬೆಳಗಬೇಕಲ್ಲ, ಅದಕ್ಕೆ `Strength` 200 ಇದೆ.

ಕಾಳಿ ದಂಡೆ
ಇಲ್ಲೇ ಇರುವುದು ಸಮಸ್ಯೆ. ಆ ಸ್ಕ್ರಿಪ್ಟ್ ಕೆಲಸ ಮಾಡದಿರಲು ಕಾರಣವೂ ಇದೇ. ನಿಮ್ಮ ಫೈಲಿನಲ್ಲಿ `LIGHT` ಅನ್ನುವ ಆಬ್ಜೆಕ್ಟೇ ಇಲ್ಲ, ಇರುವುದೆಲ್ಲ ಮೆಶ್ ತಟ್ಟೆಗಳು.

ಅಂಗಡಿಯಲ್ಲಿ ಹಾಕುವ ಸ್ಪಾಟ್ ಲೈಟು ಬೆಳಕನ್ನು ಒಂದು ಕಿರಿದಾದ ಕೋನದಲ್ಲಿ ಕೆಳಗೆ ಬಿಡುತ್ತದೆ. ಎಮಿಶನ್ ತಟ್ಟೆ ಹಾಗಲ್ಲ. ಅದು ಎಲ್ಲಾ ಕಡೆಗೂ ಒಂದೇ ಪ್ರಖರತೆಯಲ್ಲಿ ಕಾಣುತ್ತದೆ. ಓರೆಯಾಗಿ ನೋಡಿದರೂ 200, ನೇರ ನೋಡಿದರೂ 200. ಈಗ ನೆಲದ ಲೆಕ್ಕ ಮಾಡೋಣ. 20 ಅಡಿ ದೂರ, 15 ಅಡಿ ಇಳಿತ, ಅಂದರೆ ನೋಟ ಸುಮಾರು 37 ಡಿಗ್ರಿ ಕೆಳಗೆ ಹೋಗುತ್ತದೆ. ಆ ಓರೆಯಲ್ಲಿ ಪಾಲಿಶ್ ಟೈಲ್ಸ್ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರೂವರೆ ಭಾಗ ಮಾತ್ರ ತಿರುಗಿಸುತ್ತದೆ. ಆದರೆ 200ರಲ್ಲಿ ಆರೂವರೆ ಪರ್ಸೆಂಟ್ ಅಂದರೆ 13. ಚಿತ್ರದಲ್ಲಿ 1 ಅಂದರೆ ಬಿಳಿ ಹಾಳೆ ಇದ್ದ ಹಾಗೆ. 13 ಅಂದರೆ ಏನು ಮಾಡಿದರೂ ಉರಿದು ಹೋಗುತ್ತದೆ. ಅದಕ್ಕೇ `Roughness` ಹೆಚ್ಚಿಸಿದಾಗ ಆ 13 ಹರಡಿಕೊಂಡು ಮಬ್ಬಾಯಿತು. ಹೋಗಲಿಲ್ಲ, ಹರಡಿತು ಅಷ್ಟೇ.

ತಟ್ಟೆಯ ಕೆಲಸ ಬಲ್ಬು ಹತ್ತಿದೆ ಅಂತ ತೋರಿಸುವುದು ಮಾತ್ರ. ಅದಕ್ಕೆ `Strength` 6 ಸಾಕು. ಅಂಗಡಿ ಬೆಳಗಿಸಲು ಅದರ ಕೆಳಗೆ ನಿಜವಾದ `Spot` ಲೈಟು ಇಡಿ. `Spot Size` 36 ಡಿಗ್ರಿ, `Blend` 0.3 ಇಂದ ಶುರು ಮಾಡಿ. 36 ಅಂದರೆ ನೇರ ಕೆಳಗಿನಿಂದ ಆ ಕಡೆ 18, ಈ ಕಡೆ 18. ನಿಮ್ಮ ನೆಲದ ನೋಟ ಲೈಟನ್ನು 53 ಡಿಗ್ರಿ ಓರೆಯಿಂದ ನೋಡುತ್ತಿದೆ, ಕೋನದಿಂದ ಎಷ್ಟೋ ಹೊರಗೆ. ಹಾಗಾಗಿ ಆ ಲೈಟು ನೆಲದಲ್ಲಿ ಬಿಲ್ಲೆಯಾಗಿ ಕಾಣುವುದೇ ಇಲ್ಲ. ಆರೂವರೆ ಪರ್ಸೆಂಟ್ ಲೆಕ್ಕದಲ್ಲಿ ತಟ್ಟೆಯದು 0.4 ಬರುತ್ತದೆ, ಮೆತ್ತಗಿನ ಒಂದು ಹೊಳಪು.

ದೇವಿಮನೆ ಘಾಟ್
ಓಹ್ ಮೆಶ್ ಅಂತ ಗೊತ್ತಿರಲಿಲ್ಲ. ಹಾಗಾದರೆ ಸ್ಕ್ರಿಪ್ಟಿನಲ್ಲಿ ತಟ್ಟೆಗಳ ಹೆಸರು ಕೊಟ್ಟು `visible_glossy` ತೆಗೆಯಿರಿ, ಮೆಶ್‌ಗೂ ಅದು ನಡೆಯುತ್ತದೆ. ಎರಡು ನಿಮಿಷದ ಕೆಲಸ. ಹೊಸ ಲೈಟು ಇಟ್ಟು ಮತ್ತೆ ಎಲ್ಲಾ ಸರಿ ಮಾಡುವುದಕ್ಕೆ ಸೋಮವಾರದ ಒಳಗೆ ಆಗುವುದಿಲ್ಲ.

ಅಪ್ಪೆಮಿಡಿ
ಸಮಯ ಕಡಿಮೆ ಇದೆ ಅಂತ ಮೊದಲು ಇದನ್ನೇ ಮಾಡಿದೆ. ಬಿಲ್ಲೆ ಪೂರ್ತಿ ಹೋಯಿತು! ಖುಷಿಯಾಗಿ ದೊಡ್ಡ ಸೈಜಿಗೆ ರಾತ್ರಿ ರೆಂಡರ್ ಇಟ್ಟೆ, ಎರಡು ಸಲ ಕರೆಂಟು ಹೋಗಿ ಬೆಳಿಗ್ಗೆ ಮುಗಿಯಿತು. ನೋಡಿದರೆ ಕೌಂಟರ್ ಮೇಲೆ ಗೊಂಬೆ ಕುತ್ತಿಗೆಗೆ ಹಾಕಿದ ಲಕ್ಷ್ಮೀ ಹಾರ ಹಿತ್ತಾಳೆಗಿಂತ ಕಡೆ ಆಗಿದೆ. ಕಂದು ಬಣ್ಣದ ಪ್ಲಾಸ್ಟಿಕ್ ಥರ. ಮಟೀರಿಯಲ್ ಮುಟ್ಟೇ ಇಲ್ಲ.

ಕಾಳಿ ದಂಡೆ
ಅದು ಹಾಗೇ ಆಗಬೇಕು. ಸೀರೆಗೆ ತನ್ನದೇ ಬಣ್ಣ ಇದೆ, ಬೆಳಕು ಬಿದ್ದರೆ ಎಲ್ಲಾ ಕಡೆ ಚದುರಿಸುತ್ತದೆ. ಬಂಗಾರ ಹಾಗಲ್ಲ. ಲೋಹ ಕಾಣುವುದೇ ಪ್ರತಿಬಿಂಬದಿಂದ. ಸುತ್ತ ಏನಿದೆಯೋ ಅದನ್ನು ಹಳದಿ ಮಾಡಿ ತೋರಿಸುತ್ತದೆ, ಅಷ್ಟೇ. ನೀವು ಲೈಟಿನ `Glossy` ತೆಗೆದಾಗ ನೆಲಕ್ಕೆ ಮಾತ್ರ ಅಲ್ಲ, ಹಾರಕ್ಕೂ ಆ ಲೈಟು ಇಲ್ಲವಾಯಿತು. ಹಾರದ ಒಂದೊಂದು ಕಾಸಿನ ಮೇಲೂ ಇರುವ ಚುಕ್ಕಿ ಮಿಂಚು ಅಂದರೆ ಲೈಟಿನ ಸಣ್ಣ ಬಿಂಬ. ನೆಲದಲ್ಲಿ ಬೇಡ ಅಂದಿದ್ದೂ ಅದೇ ಬಿಂಬ. ಅದಕ್ಕೇ ಬಂಗಾರದ ಅಂಗಡಿಗೆ ಈ ಉಪಾಯ ಆಗುವುದಿಲ್ಲ. ಬರೀ ಬಟ್ಟೆ ಅಂಗಡಿಗೆ ನಡೆಯಬಹುದು.

ದೇವಿಮನೆ ಘಾಟ್
ನಾನು ಮಾಡಿದ್ದೆಲ್ಲ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಗಳೇ. ಅಲ್ಲಿ ತೊಂದರೆ ಆಗಿಲ್ಲ. ಆದರೂ ಬೇಕಾದರೆ ಹಾರಕ್ಕೆ ಮಾತ್ರ ಬೇರೆ ಲೈಟು ಕೊಡಬಹುದಲ್ಲ? ಬ್ಲೆಂಡರ್ 4.0 ಇಂದ `Light Linking` ಇದೆ. ಒಂದು ಲೈಟು ಒಡವೆಗೆ ಮಾತ್ರ ಬೀಳುವ ಹಾಗೆ ಮಾಡಿ, ಸೀಲಿಂಗಿನ ಲೈಟುಗಳಿಗೆ `Glossy` ಬೇಡ. ಎರಡೂ ಸಿಕ್ಕಿತು.

ಕಾಳಿ ದಂಡೆ
ಮಾಡಬಹುದು, ಚಿತ್ರ ಚೆನ್ನಾಗಿಯೂ ಬರುತ್ತದೆ. ಆದರೆ ಆ ಅಂಗಡಿಯಲ್ಲಿ ಅಂಥ ಲೈಟು ಯಾರು ಹಾಕುತ್ತಾರೆ? ನೆಲಕ್ಕೆ ಬೀಳದೆ ಹಾರಕ್ಕೆ ಮಾತ್ರ ಬೀಳುವ ಲೈಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಅಘನಾಶಿನಿ ದಡ
ಈಗ ನನಗೆ ಅರ್ಥ ಆಯಿತು, ಇದು ಚಿತ್ರದ ವಿಷಯ ಅಂತ. ಹಾಗಾದರೆ ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ತಮ್ಮನ ಬಂಗಾರದ ಅಂಗಡಿಗೆ ಒಬ್ಬರ ಹತ್ತಿರ ಇಂಥದ್ದೇ ಚಿತ್ರ ಮಾಡಿಸಿದ್ದೆವು. ನೆಲ ಅಂದರೆ ರೇಷ್ಮೆ ಥರ, ಗಾಜು ಅಂದರೆ ಇಲ್ಲವೇ ಇಲ್ಲ ಅನ್ನುವ ಥರ. ಅದನ್ನೇ ನೋಡಿ ಒಪ್ಪಿಕೊಂಡೆವು. ಕಟ್ಟಿದ ಮೇಲೆ ನೆಲ ಪೂರ್ತಿ ಲೈಟು. ಅದಕ್ಕಿಂತ ಕಷ್ಟ ಕೌಂಟರ್ ಗಾಜಿನದು. ಗಿರಾಕಿ ಬಗ್ಗಿ ನೋಡಿದರೆ ಸರಿಯಾಗಿ ಉಂಗುರದ ಟ್ರೇ ಮೇಲೆ ಲೈಟಿನ ಬಿಂಬ. ಪ್ರತಿ ಸಲ ಟ್ರೇ ಹೊರಗೆ ತೆಗೆದು ತೋರಿಸಬೇಕು. ಕೊನೆಗೆ ಸೀಲಿಂಗ್ ಒಡೆದು ಆರು ಲೈಟು ಜಾಗ ಬದಲಾಯಿಸಿದೆವು. ಚಿತ್ರದಲ್ಲಿ ತೋರಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ದಯವಿಟ್ಟು ಚಿತ್ರದಲ್ಲಿ ಮುಚ್ಚಿಡಬೇಡಿ.

ಬನವಾಸಿ ದಾರಿ
+1. ಪಾರ್ಟಿ ಚಿತ್ರ ನೋಡಿಯೇ ಎಲೆಕ್ಟ್ರಿಷಿಯನ್‌ಗೆ ಹೇಳುವುದು.

ದೇವಿಮನೆ ಘಾಟ್
ಅಣ್ಣ, ರೆಂಡರ್ ಮಾಡುವವನಿಗೆ ಕೊಡುವುದು ಚಿತ್ರದ ದುಡ್ಡು. ಲೈಟಿಂಗ್ ಡಿಸೈನ್ ಬೇರೆ ಕೆಲಸ. ಎರಡನ್ನೂ ಒಂದೇ ದುಡ್ಡಲ್ಲಿ ಮಾಡಿ ಅಂದರೆ ಹೇಗೆ?

ಅಘನಾಶಿನಿ ದಡ
ದುಡ್ಡು ಕೇಳಿ, ಕೊಡುತ್ತೇವೆ. ಆದರೆ ಆಗದಿರುವುದನ್ನು ಆಗುತ್ತದೆ ಅಂತ ತೋರಿಸುವುದು ಸರಿಯಲ್ಲ. ಸೀಲಿಂಗ್ ಒಡೆದ ಖರ್ಚು ಚಿತ್ರದ ಖರ್ಚಿಗಿಂತ ಎಷ್ಟು ಪಟ್ಟು ಅಂತ ನನಗೆ ಗೊತ್ತು.

ಅಪ್ಪೆಮಿಡಿ
ನನಗೂ ಮುಚ್ಚಿಡುವುದು ಇಷ್ಟವಿಲ್ಲ. ಕಾಳಿ ದಂಡೆ ಅಣ್ಣ, ಹಾಗಾದರೆ ನಿಜವಾದ ಅಂಗಡಿಯಲ್ಲೂ ಬಿಲ್ಲೆ ಕಾಣದ ಹಾಗೆ ಮಾಡುವ ಲೈಟು ಇದೆಯಾ? ಇದ್ದರೆ ಅದನ್ನೇ ಮಾಡೆಲ್ ಮಾಡುತ್ತೇನೆ.

ಕಾಳಿ ದಂಡೆ
ಇದೆ. ಬಲ್ಬು ಸೀಲಿಂಗ್ ಮಟ್ಟಕ್ಕೆ ಇರದೆ ಒಳಗೆ ಹುದುಗಿರುವ ಡೌನ್‌ಲೈಟು. ಅಂಗಡಿಯಲ್ಲಿ ಡೀಪ್ ಅಥವಾ ಆಂಟಿ-ಗ್ಲೇರ್ ಅಂತ ಕೇಳಿದರೆ ಕೊಡುತ್ತಾರೆ. ಒಳಗೋಡೆ ಕಪ್ಪು ಇರುತ್ತದೆ.

ನಿಮ್ಮ ಅಳತೆಗೇ ನೋಡೋಣ. ಬಲ್ಬಿನ ತಟ್ಟೆ ಎರಡೂವರೆ ಇಂಚು, ತೂತು ಮೂರು ಇಂಚು, ತಟ್ಟೆಯನ್ನು ಎರಡೂವರೆ ಇಂಚು ಒಳಗೆ ತಳ್ಳಿ. ಓರೆಯಿಂದ ನೋಡುವ ಕಣ್ಣಿಗೆ ಹತ್ತಿರದ ಅಂಚು ಅಡ್ಡ ಬರುತ್ತದೆ. ತಟ್ಟೆಯ ಆಚೆ ತುದಿಯೂ ಕಾಣಬಾರದು ಅಂದರೆ ನೋಟ 42 ಡಿಗ್ರಿಗಿಂತ ಕಡಿಮೆ ಮೇಲೇರಬೇಕು. ನಿಮ್ಮ ನೆಲದಿಂದ ಹೋಗುವ ನೋಟ 37 ಡಿಗ್ರಿ. ಹಾಗಾಗಿ ಬಲ್ಬು ಕಾಣುವುದಿಲ್ಲ, ಕಪ್ಪು ಕೊಳವೆಯ ಒಳಗೋಡೆ ಮಾತ್ರ ಕಾಣುತ್ತದೆ. ನೆಲದಲ್ಲಿ ಬಿಲ್ಲೆ ಬದಲು ಒಂದು ಮಸುಕು ಗುಂಡು. ಒಳಗೋಡೆ ಕ್ರೋಮ್ ಇದ್ದರೆ ಮತ್ತೆ ಹೊಳೆಯುತ್ತದೆ, ನೆನಪಿಡಿ. ಹಾಗೇ ಒಂದು ಇಂಚು ಮಾತ್ರ ಒಳಗೆ ಹಾಕಿದರೆ 20 ಡಿಗ್ರಿ ಸಿಗುತ್ತದೆ, ಏನೂ ಉಪಯೋಗವಿಲ್ಲ.

ಮೇಲೆ ಹೇಳಿದ `Spot` ಲೈಟನ್ನು ಕೊಳವೆಯ ಬಾಯಿಗೆ ಇಡಿ, ಒಳಗೆ ಇಟ್ಟರೆ ಸ್ವಲ್ಪ ಬೆಳಕು ಕಪ್ಪು ಗೋಡೆಗೇ ಹೋಗಿ ವ್ಯರ್ಥವಾಗಬಹುದು. ಸೀಲಿಂಗ್ ಒಳಗೆ ಅಷ್ಟು ಜಾಗ ಇದೆಯಾ ಅಂತಲೂ ಪಾರ್ಟಿಯನ್ನು ಕೇಳಿ.

ಇನ್ನು ಎಲ್‌ಇಡಿ ಪಟ್ಟಿ. ಕೌಂಟರ್ ಅಡಿಯಲ್ಲಿ ಕೆಳಗೆ ಮುಖ ಮಾಡಿ ಅಂಟಿಸಿದ್ದೀರಿ, ಅಲ್ವಾ? ಪಾಲಿಶ್ ನೆಲದ ಮೇಲೆ ಅದು ಯಾವಾಗಲೂ ಕಾಣುತ್ತದೆ. ಯಾಕೆಂದರೆ ನೆಲ ಕೆಳಗಿನಿಂದ ಮೇಲೆ ನೋಡುತ್ತದೆ, ಪಟ್ಟಿ ನೇರ ಅದರ ಮುಖಕ್ಕೇ ಇದೆ. ನಿಜವಾದ ಅಂಗಡಿಗಳಲ್ಲೂ ಒಂದೊಂದು ಎಲ್‌ಇಡಿ ಚುಕ್ಕಿಯನ್ನೂ ನೆಲದಲ್ಲಿ ಎಣಿಸಬಹುದು, ಹೋಗಿ ನೋಡಿ. ಪಟ್ಟಿಯನ್ನು ಮುಂದಿನ ಅಂಚಿನ ಹಿಂಬದಿಗೆ ಅಂಟಿಸಿ, ಮುಖ ಒಳಗಡೆಯ ಬುಡದ ಹಲಗೆ ಕಡೆ ಇರಲಿ, ಕೆಳಗೆ ಒಂದು ಸಣ್ಣ ತುಟಿ ಕೊಡಿ. ಆಗ ನೆಲದಲ್ಲಿ ಕಾಣುವುದು ಬೆಳಗಿದ ಹಲಗೆ, ಪಟ್ಟಿಯಲ್ಲ.

ಸೋಂದೆ ಹುಡುಗ
ಹಾಗಾದರೆ `Roughness` ಮುಟ್ಟುವುದೇ ಬೇಡವಾ? ನನ್ನ ಹಿಂದಿನ ಪ್ರಾಜೆಕ್ಟಿನಲ್ಲಿ ಅದರಿಂದಲೇ ಸರಿಯಾಗಿತ್ತು.

ಕಾಳಿ ದಂಡೆ
ಬೇಕು, ಕೊನೆಯಲ್ಲಿ. ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಒರಟು ಜಾಸ್ತಿಯಾದಾಗ ಎಲ್ಲಾ ಬಿಂಬವೂ ಒಂದೇ ಸಮ ಮಸುಕಾಗುವುದಿಲ್ಲ. ನೆಲಕ್ಕೆ ತಾಗಿರುವ ಕೌಂಟರ್ ಬುಡ, ಗಾದಿಯ ಅಂಚು ಚೂಪಾಗಿಯೇ ಇರುತ್ತವೆ. ಮೇಲೆ ಹೋದ ಹಾಗೆ ಮಸುಕು. 10 ಅಡಿ ಮೇಲಿನ ಸೀಲಿಂಗ್ ಪೂರ್ತಿ ಕರಗುತ್ತದೆ. ಕಣ್ಣಿಗೆ "ಇದು ಪಾಲಿಶ್ ಟೈಲ್ಸ್" ಅಂತ ಹೇಳುವುದು ಆ ಬುಡದ ಚೂಪು ಬಿಂಬ. ಅದಕ್ಕೇ 0.15 ಇಂದ 0.22ರ ಒಳಗೆ ಇರಲಿ. ಒಂದು ದೊಡ್ಡ ಅಳತೆಯ `Noise Texture` ಅನ್ನು `Map Range` ಮೂಲಕ ಈ ಎರಡು ಅಂಕಿಗಳ ನಡುವೆ ಓಡಾಡಿಸಿದರೆ ಒರೆಸಿದ ನೆಲದ ಥರ ಸ್ವಲ್ಪ ಏರುಪೇರು ಬರುತ್ತದೆ. 0.3 ದಾಟಿದರೆ ಸೀರೆ ರ‍್ಯಾಕಿನ ಬಣ್ಣ ನೆಲದಲ್ಲಿ ಕಲೆಯ ಹಾಗೆ ಆಗುತ್ತದೆ.

ಕ್ಯಾಮೆರಾ ಬಾಗಿಸುವುದನ್ನೂ ಬಿಡಿ. ಸಮ ಮಾಡಿ. 18 ಎಂಎಂ ಲೆನ್ಸ್‌ನ ಅಡ್ಡ ಚಿತ್ರದಲ್ಲಿ ಕೆಳಗೆ ಸುಮಾರು 29 ಡಿಗ್ರಿವರೆಗೆ ಮಾತ್ರ ಕಾಣುತ್ತದೆ, 37ರ ಬಿಂಬ ಚಿತ್ರದಿಂದಲೇ ಹೊರಗೆ ಹೋಗುತ್ತದೆ. ಕಂಬಗಳೂ ನೆಟ್ಟಗೆ ನಿಲ್ಲುತ್ತವೆ.

ಅಪ್ಪೆಮಿಡಿ
ಸಮ ಮಾಡಿದರೆ ಟೈಲ್ಸ್ ಜೋಡಣೆ ಕಾಣುವುದಿಲ್ಲ, ಪಾರ್ಟಿಗೆ ಅದು ಬೇಕು.

ಕಾಳಿ ದಂಡೆ
ಹಾಗಾದರೆ ಸಮ ಇಟ್ಟು `Shift Y` ಸ್ವಲ್ಪ ಮೈನಸ್ ಮಾಡಿ. ಚೌಕಟ್ಟು ಕೆಳಗೆ ಸರಿಯುತ್ತದೆ, ಕಂಬ ಓರೆಯಾಗುವುದಿಲ್ಲ. ಬಿಂಬ ಮತ್ತೆ ಒಳಗೆ ಬರಬಹುದು, ಆದರೆ ಲೈಟು ಹುದುಗಿಸಿದ್ದೀರಲ್ಲ, ಹೆದರಿಕೆ ಇಲ್ಲ.

ಬೆಳಂಬಾರ ಹೊಳಪು
ನಾನು ಅಂಕೋಲಾದವಳು, ಸೀರೆ ವ್ಯಾಪಾರ. ನೆಲದ ಬಗ್ಗೆ ಇಷ್ಟು ಮಾತಾಯಿತು, ಸೀರೆ ಬಗ್ಗೆ ಒಂದು ಕೇಳಲಾ? ಇಂಥ ಚಿತ್ರಗಳಲ್ಲಿ ಕೆಂಪು ಸೀರೆ ಯಾವಾಗಲೂ ತಿಳಿ ಗುಲಾಬಿ ಆಗಿರುತ್ತದೆ. ಮದುವೆ ಸೀರೆಯ ಕೆಂಪು ಹಾಗಿರುವುದಿಲ್ಲ. ಯಾಕೆ ಹಾಗೆ?

ಸೋಂದೆ ಹುಡುಗ
ಅಕ್ಕ, ಅದು ಬ್ಲೆಂಡರಿನಲ್ಲಿ ಬಣ್ಣ ತೋರಿಸುವ `AgX` ಅನ್ನುವ ಸೆಟ್ಟಿಂಗಿನ ಕೆಲಸ. ತುಂಬಾ ಬೆಳಕು ಬಿದ್ದ ಬಣ್ಣವನ್ನು ಬಿಳಿ ಕಡೆ ಎಳೆಯುತ್ತದೆ. `Standard` ಹಾಕಿದರೆ ಕೆಂಪು ಕೆಂಪಾಗಿಯೇ ಇರುತ್ತದೆ.

ಕಾಳಿ ದಂಡೆ
ಕಾರಣ ಸರಿ. ಆದರೆ `Standard` ಹಾಕಿದರೆ ಜರಿ ಅಂಚು, ಬಂಗಾರ ಎಲ್ಲಾ ಚಪ್ಪಟೆ ಹಳದಿಯಾಗಿ ಉರಿಯುತ್ತವೆ. ಸೀರೆ ಮೇಲಿನ ಲೈಟಿನ ಪವರ್ ಅರ್ಧ ಮಾಡಿ ನೋಡಿ ಮೊದಲು. ಸಾಮಾನ್ಯವಾಗಿ ಕೆಂಪು ಅಷ್ಟಕ್ಕೇ ವಾಪಸ್ ಬರುತ್ತದೆ.

ಬೆಳಂಬಾರ ಹೊಳಪು
ಅಂಗಡಿಯಲ್ಲೂ ಹಾಗೇ. ಲೈಟು ಜಾಸ್ತಿ ಇರುವ ಕಡೆ ಹೆಂಗಸರು ಸೀರೆ ಹಿಡಿದುಕೊಂಡು ಬಾಗಿಲಿಗೆ ಬಂದು ನೋಡುತ್ತಾರೆ.

ಅಪ್ಪೆಮಿಡಿ
ಇದನ್ನೂ ಬರೆದುಕೊಂಡೆ. ಈಗ ಗಾಜಿನ ಕೌಂಟರ್ ಒಳಗಿನ ಕಪ್ಪು ಒಂದು ಉಳಿದಿದೆ. ಗಾಜಿಗೆ `Glass BSDF` ಹಾಕಿದ್ದೇನೆ, `IOR` 1.5. ಗಾಜು ಒಂದೇ ಹಾಳೆ, ದಪ್ಪ ಕೊಟ್ಟಿಲ್ಲ.

ದೇವಿಮನೆ ಘಾಟ್
ಇದು ನನಗೆ ಗೊತ್ತು, ನಾನೂ ಒಂದು ವಾರ ಒದ್ದಾಡಿದ್ದೇನೆ. ಎರಡು ತಪ್ಪು ಇವೆ. ಒಂದು, ದಪ್ಪ ಇಲ್ಲದ ಹಾಳೆ ಆದ್ದರಿಂದ ಬೆಳಕು ಗಾಜಿನ ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ ಅಂತ ಸೈಕಲ್ಸ್ ತಿಳಿಯುತ್ತದೆ. ಕೌಂಟರ್ ಒಳಗೆಲ್ಲ ಗಾಜೇ ತುಂಬಿದ ಹಾಗೆ, ಒಡವೆ ನೀರಲ್ಲಿ ಮುಳುಗಿದಂತೆ ಸರಿದು ಕಾಣುತ್ತದೆ. `Solidify` ಹಾಕಿ 8 ಎಂಎಂ ದಪ್ಪ ಕೊಡಿ. ಎರಡು, ಗಾಜು ಸೈಕಲ್ಸ್‌ನಲ್ಲಿ ಹಲಗೆಯ ಹಾಗೆ ನೆರಳು ಬೀಳಿಸುತ್ತದೆ. ಅದಕ್ಕೆ `Glass BSDF` ಮತ್ತು `Transparent BSDF` ಎರಡನ್ನೂ `Mix Shader`ಗೆ ಕೊಟ್ಟು, `Light Path`ನ `Is Shadow Ray` ಅನ್ನು `Fac`ಗೆ ಜೋಡಿಸಿ. ಮೇಲೆ ಗ್ಲಾಸ್, ಕೆಳಗೆ ಟ್ರಾನ್ಸ್‌ಪರೆಂಟ್. ಉಲ್ಟಾ ಮಾಡಿದರೆ ಗಾಜೇ ಕಾಣುವುದಿಲ್ಲ.

ಕಾಳಿ ದಂಡೆ
ಸರಿಯಾಗಿ ಹೇಳಿದಿರಿ. ಒಂದೇ ಸೇರಿಸುತ್ತೇನೆ: ಕೌಂಟರ್ ಒಳಗೂ ಲೈಟು ಇರಲಿ, ಮುಂದಿನ ಗಾಜಿನ ಮೇಲಂಚಿನಲ್ಲಿ, ಒಡವೆ ಕಡೆ ತಿರುಗಿದ ಸಣ್ಣ ಪಟ್ಟಿ. ಇದು ಕುಮಟಾ ಅಣ್ಣ ಹೇಳಿದ ಟ್ರೇ ಕಷ್ಟಕ್ಕೂ ಉತ್ತರ. ಕೌಂಟರ್ 3 ಅಡಿ, ಬಗ್ಗಿದ ಗಿರಾಕಿಯ ಕಣ್ಣು 5 ಅಡಿ ಹತ್ತಿರ, ಸೀಲಿಂಗ್ 10 ಅಡಿ. ಗಾಜಿನಿಂದ ಕಣ್ಣು 2 ಅಡಿ, ಲೈಟು 7 ಅಡಿ. ಹಾಗಾಗಿ ಕಣ್ಣಿನಿಂದ ಲೈಟಿಗೆ ಅಡ್ಡ ಎಷ್ಟು ದೂರವೋ ಅದರಲ್ಲಿ ಒಂಬತ್ತಕ್ಕೆ ಎರಡು ಭಾಗದಲ್ಲಿ ಬಿಂಬ ಬೀಳುತ್ತದೆ. ಲೈಟು ಮಾರುವವರ ತಲೆ ಮೇಲೆ, ನಾಲ್ಕೂವರೆ ಅಡಿ ಆಚೆ ಇದ್ದರೆ ಬಿಂಬ ಒಂದು ಅಡಿಗೆ, ಸರಿಯಾಗಿ ಟ್ರೇ ನಡುವೆ. ಲೈಟನ್ನು ಕೌಂಟರಿನ ಮುಂದಿನ ಅಂಚಿನ ನೇರಕ್ಕೆ ತಂದರೆ ಬಿಂಬ ಅಂಚಿಗೇ ಸರಿಯುತ್ತದೆ. ಆದರೆ ಆಗ ಗಿರಾಕಿಯ ತಲೆಯ ನೆರಳು ಗಾಜಿನ ಮೇಲೆ. ಒಳಗೆ ಲೈಟು ಬೇಕಾಗುವುದು ಅದಕ್ಕೇ.

ಅಘನಾಶಿನಿ ದಡ
ನಾವು ಲೈಟು ಬದಲಾಯಿಸಿದ್ದೂ ಅದೇ ಕಡೆಗೆ! ಎಲೆಕ್ಟ್ರಿಷಿಯನ್ ಒಂದೊಂದು ಕಡೆ ಹಿಡಿದು ತೋರಿಸಿ ತೋರಿಸಿ ಜಾಗ ಹುಡುಕಿದ. ನೆರಳಿನ ಕಷ್ಟವೂ ಬಂತು, ನೀವು ಹೇಳಿದ ಹಾಗೇ.

ಗೋಕರ್ಣ ಕ್ರಾಸ್
ಟೈಲ್ಸ್ ಹಾಕುವ ಕೆಲಸದವನು ನಾನು. ಇಷ್ಟೆಲ್ಲಾ ಮಾಡುವ ಬದಲು ಪಾರ್ಟಿಗೆ ಮ್ಯಾಟ್ ಟೈಲ್ಸ್ ಹೇಳಬಾರದಾ? ಕಾರವಾರದ ಮಳೆಗೆ ಅದೇ ಒಳ್ಳೆಯದು. ಜಾರುವುದಿಲ್ಲ, ಹೊಡೆಯುವುದಿಲ್ಲ.

ಬೆಳಂಬಾರ ಹೊಳಪು
ಮ್ಯಾಟ್ ನೆಲದ ಮೇಲೆ ಬಂಗಾರದ ಅಂಗಡಿ ಕಳೆಗುಂದುತ್ತದೆ. ಗಿರಾಕಿಗೆ ಒಳಗೆ ಬರುವಾಗಲೇ ಹೊಳಪು ಕಾಣಬೇಕು.

ಗೋಕರ್ಣ ಕ್ರಾಸ್
ಬಾಗಿಲಿಂದ ನಾಲ್ಕು ಅಡಿ ಮ್ಯಾಟ್, ಒಳಗೆ ಪಾಲಿಶ್. ನಾನು ಎರಡು ಅಂಗಡಿಗೆ ಹಾಕಿದ್ದೇನೆ. ಕಾಲು ಒರೆಸುವುದಕ್ಕೂ ಜಾಗ ಆಗುತ್ತದೆ.

ಅಪ್ಪೆಮಿಡಿ
ಇದು ತುಂಬಾ ಒಳ್ಳೆಯ ಮಾತು.

ಎಲ್ಲರಿಗೂ ತಿಳಿಸುತ್ತೇನೆ, ನಿನ್ನೆ ರಾತ್ರಿ ಪೂರ್ತಿ ಮತ್ತೆ ಮಾಡಿದೆ. ಹನ್ನೆರಡೂ ಲೈಟನ್ನು ಎರಡೂವರೆ ಇಂಚು ಒಳಗೆ ಹಾಕಿದೆ. ತಟ್ಟೆ `Strength` 6, ಕೊಳವೆಯ ಬಾಯಿಗೆ 36 ಡಿಗ್ರಿ ಸ್ಪಾಟ್. `Glossy` ಟಿಕ್ ಎಲ್ಲಾ ವಾಪಸ್ ಹಾಕಿದೆ. ಕೌಂಟರ್ ಕೆಳಗಿನ ಪಟ್ಟಿ ಒಳಮುಖ. ಟೈಲ್ಸ್ 0.15–0.22. ಬಿಲ್ಲೆ ಇಲ್ಲ, ಗೆರೆ ಇಲ್ಲ. ಕೌಂಟರ್ ಬುಡದ ಬಿಂಬ ಚೂಪಾಗಿ ಇಳಿದು ಮೆಲ್ಲಗೆ ಕರಗುತ್ತದೆ. ಹಾರ ಮಿಂಚುತ್ತಿದೆ. ಗಾಜಿನ ಒಳಗಿನ ಜುಮಕಿಯ ಹರಳೂ ಕಾಣುತ್ತಿದೆ.

ಒಂದು ತೊಂದರೆ ಬಂತು. ಸ್ಪಾಟ್ ಕೋನ ಕಿರಿದಾದ್ದರಿಂದ ರ‍್ಯಾಕಿನ ಮೇಲಿನ ಎರಡು ಖಾನೆ ಕತ್ತಲಾಯಿತು. ರ‍್ಯಾಕಿನ ಕಡೆಯ ನಾಲ್ಕು ಲೈಟನ್ನು ಮಾತ್ರ 60 ಡಿಗ್ರಿ ಮಾಡಿ ರ‍್ಯಾಕಿಗೆ ತಿರುಗಿಸಿದೆ. ಅದರಲ್ಲಿ ಕೊನೆಯ ಒಂದು ನೆಲದಲ್ಲಿ ಸ್ವಲ್ಪ ಕಾಣುತ್ತಿದೆ. ಬಿಟ್ಟಿದ್ದೇನೆ, ನಿಜವಾಗಿ ಕಟ್ಟಿದರೂ ಅಷ್ಟು ಕಾಣುತ್ತದೆ ಅಂತ ಪಾರ್ಟಿಗೆ ಹೇಳಿ ತೋರಿಸುತ್ತೇನೆ.

ಕಾಳಿ ದಂಡೆ
ಆ ಕೊನೆಯ ಲೈಟು ತಿರುಗಿಸುವಾಗ ಕ್ಯಾಮೆರಾ ಕಡೆಗೂ ಸ್ವಲ್ಪ ವಾಲಿರಬೇಕು, ಅದಕ್ಕೆ ಕಾಣುತ್ತದೆ. ರ‍್ಯಾಕಿನ ಖಾನೆಗಳ ಒಳಗೇ ಪಟ್ಟಿ ಲೈಟು ಕೊಟ್ಟರೆ ಅದೂ ಹೋಗುತ್ತದೆ. ಆದರೆ ಖರ್ಚು ಜಾಸ್ತಿ, ಪಾರ್ಟಿ ಹೇಳಲಿ.

ದೇವಿಮನೆ ಘಾಟ್
ಚಿತ್ರ ಚೆನ್ನಾಗಿ ಬಂದಿರಬೇಕು. ಆದರೂ ನನ್ನ ಮಾತು ಅದೇ, ಬಟ್ಟೆ ಅಂಗಡಿಗೆ ನಾನು `Glossy` ತೆಗೆಯುವುದನ್ನು ಬಿಡುವುದಿಲ್ಲ. ಪಾರ್ಟಿಗೆ ಬೇಕಾದ್ದು ಎರಡು ದಿನದಲ್ಲಿ ಚಿತ್ರ.

ಅಘನಾಶಿನಿ ದಡ
ಬಿಡಬೇಡಿ, ಆದರೆ ಚಿತ್ರದ ಕೆಳಗೆ ಒಂದು ಸಾಲು ಬರೆದುಕೊಡಿ, ನೆಲದ ಬಿಂಬ ತೆಗೆದಿದೆ ಅಂತ.

ಬನವಾಸಿ ದಾರಿ
ಒಂದು ಕೇಳುವುದಿತ್ತು. ಮುಂದಿನ ಗಾಜಿನ ಬಾಗಿಲ ಹೊರಗಿನಿಂದ ಹಗಲು ನೋಟ ಮಾಡಬೇಕಾದರೆ ರಸ್ತೆಯೇ ಗಾಜಿನಲ್ಲಿ ಕಾಣುತ್ತದೆ, ಒಳಗಿನ ಸೀರೆ ಕಾಣುವುದೇ ಇಲ್ಲ. ಅದಕ್ಕೂ ಇದೇ ಲೆಕ್ಕವಾ?

ಅಪ್ಪೆಮಿಡಿ
ನನಗೂ ಮುಂದಿನ ವಾರ ಆ ನೋಟ ಮಾಡುವುದಿದೆ. ಸಂಜೆ ಹೊತ್ತಿನದು ಮಾಡೋಣ ಅಂತಿದ್ದೇನೆ, ಪಾರ್ಟಿ ಹಗಲಿನದೇ ಬೇಕು ಅನ್ನುತ್ತಿದ್ದಾರೆ.